ಪರೀಕ್ಷೆಯ ನಡುವೆ ಆನ್‌ಲೈನ್ ಗಳಿಕೆ: ಒಪ್ಪಿಕೊಳ್ಳುವಾಗಲೇ ಮಿತಿ

ಆನ್‌ಲೈನ್ ಕೆಲಸದ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ: "ತಿಂಗಳಿಗೆ ಎಷ್ಟು ಬರುತ್ತೆ ಸಾರ್?" ಕೇಳಬೇಕಾದ್ದೇ. ಆದರೆ ಓದಿನ ಜೊತೆಗೆ ದುಡಿಯುವವರಿಗೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ನಾಳೆ ಬೆಳಿಗ್ಗೆ ಇಂಟರ್ನಲ್ಸ್ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದರೆ, ಕೈಯಲ್ಲಿರುವ ಕೆಲಸವನ್ನು ಯಾರಿಗೂ ತೊಂದರೆಯಾಗದಂತೆ ಅಲ್ಲಿಗೇ ನಿಲ್ಲಿಸಲು ಆಗುತ್ತದೆಯೆ? ಈ ಅಧ್ಯಾಯ ಪೂರ್ತಿ ಆ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ.

ವಿದ್ಯಾರ್ಥಿಗಳ ಕೈಗೆಟುಕುವ ಆನ್‌ಲೈನ್ ಕೆಲಸಗಳನ್ನು ಮೂರು ಬಗೆಯಾಗಿ ನೋಡಿದರೆ ಸಾಕು.

ಮೊದಲನೆಯದರಲ್ಲಿ ಗಡುವೇ ಇಲ್ಲ. ನೀವು ತೆಗೆದ ಫೋಟೊಗಳನ್ನು ಅಡೋಬ್ ಸ್ಟಾಕ್‌ನಂಥ ತಾಣಕ್ಕೆ ಏರಿಸಿ ಮಾರಾಟಕ್ಕಿಡುವುದು ಇಂಥ ಕೆಲಸ. ಫೋಟೊ ಮಾರಾಟವಾದಾಗ ಅಲ್ಲಿ ಶೇಕಡಾ 33 ಪಾಲು ನಿಮ್ಮದು. ಒಟ್ಟು 25 ಡಾಲರ್ ಸೇರುವವರೆಗೆ ಹಣ ತೆಗೆಯಲು ಬರುವುದಿಲ್ಲ. ಪರೀಕ್ಷೆಗೆ ಇದರಿಂದ ಯಾವ ಅಡ್ಡಿಯೂ ಇಲ್ಲ, ಆದರೆ ಈ ಸೆಮಿಸ್ಟರಿನ ಖರ್ಚಿಗೆ ಇದನ್ನು ನಂಬಿ ಕೂರಲೂ ಆಗದು. ಹಂಪಿಯ ಕಲ್ಲಿನ ರಥದ ಫೋಟೊ ಅಲ್ಲಿ ಬೇಕಾದಷ್ಟಿವೆ. ಅಡಿಕೆ ಸುಲಿಯುವ ಕೈಗಳು, ರೇಷ್ಮೆಗೂಡಿನ ಚಂದ್ರಿಕೆ, ಹುಣಸೆ ಕುಟ್ಟುವ ಅಂಗಳ, ಇಂಥವುಗಳಿಗೆ ಅವಕಾಶ ಹೆಚ್ಚು. ಗುರುತು ಸಿಗುವಂತೆ ಮುಖ ಇದ್ದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕೇ ಬೇಕು.

ಎರಡನೆಯದು ಗೊತ್ತಾದ ಗಂಟೆಯ ಕೆಲಸ, ಆನ್‌ಲೈನ್ ಟ್ಯೂಷನ್ ಇದ್ದಂತೆ. ಹಣ ಪರವಾಗಿಲ್ಲ. ತೊಡಕು ಏನೆಂದರೆ ನಿಮ್ಮ ಪರೀಕ್ಷೆಯೂ ಎಸ್ಸೆಸ್ಸೆಲ್ಸಿ ಹುಡುಗನ ಪರೀಕ್ಷೆಯೂ ಹತ್ತಿರ ಹತ್ತಿರವೇ ಬಂದರೆ ನೀವು ರಜೆ ಕೇಳುವ ವಾರದಲ್ಲೇ ಅವನಿಗೆ ಹೆಚ್ಚುವರಿ ಪಾಠ ಬೇಕಾಗಿರುತ್ತದೆ. ಪೋಷಕರಿಗೆ ಕೊಟ್ಟ ಮಾತನ್ನು ಮಧ್ಯದಲ್ಲಿ ಬಿಡುವುದು ಕಷ್ಟ.

ಮೂರನೆಯದು ತುಣುಕು ಕೆಲಸ. ಟೈಪಿಂಗ್, ಅನುವಾದ, ಸಬ್‌ಟೈಟಲ್, ಧ್ವನಿಮುದ್ರಣ ಕೇಳಿ ಬರೆಯುವ ಟ್ರಾನ್ಸ್‌ಕ್ರಿಪ್ಶನ್, ಎಲ್ಲ ಇಲ್ಲಿಗೆ ಸೇರುತ್ತವೆ. ಇಷ್ಟು ಕೆಲಸ, ಇಷ್ಟು ದಿನ, ಇಷ್ಟು ಹಣ. ತಲುಪಿಸಿದ ಮೇಲೆ ಋಣ ತೀರಿತು. ಕನ್ನಡ ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಇದರಲ್ಲಿ ಅತ್ಯಂತ ಹೊಂದುವುದು ಟ್ರಾನ್ಸ್‌ಕ್ರಿಪ್ಶನ್ ಎಂದು ನನ್ನ ಖಚಿತ ಅಭಿಪ್ರಾಯ. ಸಮಾಜಶಾಸ್ತ್ರ, ಸಮಾಜಕಾರ್ಯ, ಗ್ರಾಮೀಣ ಅಭಿವೃದ್ಧಿ ವಿಭಾಗಗಳ ಪಿಎಚ್.ಡಿ. ಸಂಶೋಧಕರು ಹಳ್ಳಿಗಳಲ್ಲಿ ಸಂದರ್ಶನ ಮುದ್ರಿಸಿಕೊಂಡು ಬರುತ್ತಾರೆ. ಅವರಿಗೆ ಅದನ್ನೆಲ್ಲ ಅಕ್ಷರಕ್ಕೆ ಇಳಿಸಿಕೊಡುವವರು ಬೇಕು. ಸ್ವಯಂಸೇವಾ ಸಂಸ್ಥೆಗಳಿಗೂ ಪಾಡ್‌ಕಾಸ್ಟ್ ಮಾಡುವವರಿಗೂ ಬೇಕು. ಕಡತ ಡ್ರೈವ್‌ನಲ್ಲಿ ಬರುತ್ತದೆ, ಬರಹ ಡ್ರೈವ್‌ನಲ್ಲೇ ಹೋಗುತ್ತದೆ, ಹಣ ಯುಪಿಐಗೆ ಬೀಳುತ್ತದೆ. ಇನ್ನು ಮುಂದೆ ಈ ಒಂದು ಕೆಲಸವನ್ನೇ ಹಿಡಿದು ಮಾತಾಡುತ್ತೇನೆ. ಇಲ್ಲಿ ಹಾಕುವ ಲೆಕ್ಕ ಅನುವಾದಕ್ಕೂ ಸಬ್‌ಟೈಟಲ್‌ಗೂ ಹೆಚ್ಚುಕಡಿಮೆ ಹಾಗೆಯೇ ಒಗ್ಗುತ್ತದೆ.

ಆಡಿಯೊ ನಿಮಿಷವೂ ಕೈ ನಿಮಿಷವೂ

ಹೊಸಬರು ಎಡವುವ ಮೊದಲ ಜಾಗ ಇದು. "60 ನಿಮಿಷದ ಫೈಲ್, ನಿಮಿಷಕ್ಕೆ 12 ರೂಪಾಯಿ" ಎಂದು ಯಾರೋ ಹೇಳುತ್ತಾರೆ. ಕೇಳಿದವರ ತಲೆಯಲ್ಲಿ ಒಂದು ಗಂಟೆಗೆ 720 ರೂಪಾಯಿ ಎಂದು ಕೂತುಬಿಡುತ್ತದೆ. ಆದರೆ ಆ 60 ನಿಮಿಷ ಧ್ವನಿಮುದ್ರಣದ್ದು. ನೀವು ಕೂರಬೇಕಾದ ಹೊತ್ತು ಬೇರೆ. ಒಂದು ಗಂಟೆಯ ಸ್ಪಷ್ಟ ಧ್ವನಿಗೆ ಪಳಗಿದ ಟೈಪಿಸ್ಟರಿಗೂ ಸುಮಾರು ನಾಲ್ಕು ಗಂಟೆ ಬೇಕು ಎನ್ನುವುದು ಈ ಕಸುಬಿನಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಹೊಸಬರಿಗೆ ಆರರಿಂದ ಎಂಟು ಗಂಟೆ ಹಿಡಿಯುವುದು ಸಾಮಾನ್ಯ. ಹೊಲದ ಬದುವಿನಲ್ಲಿ ಕೂತು ಮುದ್ರಿಸಿದ್ದಾದರೆ, ಹಿಂದೆ ಟ್ರ್ಯಾಕ್ಟರ್ ಓಡುತ್ತಿದ್ದರೆ, ನಾಲ್ಕು ಜನ ಒಟ್ಟಿಗೆ ಮಾತಾಡಿದ್ದರೆ ಹತ್ತು ಗಂಟೆಯೂ ಸಾಲದೆ ಹೋಗಬಹುದು.

ಒಂದು ಆಡಿಯೊ ನಿಮಿಷಕ್ಕೆ ನಿಮ್ಮ ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಅಂಕಿಯನ್ನು ನಿಮ್ಮ "ಪಟ್ಟು" ಎಂದು ಕರೆಯೋಣ. ಅದನ್ನು ಊಹಿಸಬೇಡಿ, ಅಳೆಯಿರಿ. ಮನೆಯಲ್ಲಿ ಅಜ್ಜಿಯನ್ನೋ ಪಕ್ಕದ ಮನೆಯವರನ್ನೋ ಮಾತಾಡಿಸಿ ಐದು ನಿಮಿಷ ಮುದ್ರಿಸಿಕೊಳ್ಳಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಬರೆಯಲು ಕೂರಿ. ಕಡತ ತೆರೆದ ಕ್ಷಣದಿಂದ ಹಿಡಿದು, ಪೂರ್ತಿ ಬರೆದು, ಇನ್ನೊಮ್ಮೆ ಕೇಳಿ ತಿದ್ದಿ, ಹೆಸರಿಟ್ಟು ಉಳಿಸುವವರೆಗೆ ಗಡಿಯಾರ ಓಡುತ್ತಿರಲಿ. 35 ನಿಮಿಷ ಆಯಿತೆಂದರೆ ನಿಮ್ಮ ಪಟ್ಟು 7. ಇದೇ ಪ್ರಯೋಗವನ್ನು ಇಬ್ಬರು ಮಾತಾಡುವ ಧ್ವನಿಯ ಮೇಲೆ, ಆಮೇಲೆ ಗದ್ದಲ ಇರುವ ಧ್ವನಿಯ ಮೇಲೆ ಮಾಡಿ. ಮೂರು ಅಂಕಿ ಸಿಗುತ್ತವೆ. ಅವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಕೊನೆಯ ತಿದ್ದುಪಡಿಯ ಹೊತ್ತನ್ನು ಬಿಟ್ಟು ಅಳೆಯುವವರೇ ಹೆಚ್ಚು. ಹಾಗೆ ಅಳೆದರೆ 5 ಎಂದು ಬಂದದ್ದು ನಿಜವಾದ ಕೆಲಸದಲ್ಲಿ 7 ಆಗಿ ಕಾಡುತ್ತದೆ.

ದಿನಕ್ಕೆರಡು ಗಂಟೆ ಎಂಬ ಮಿತಿ ಏಕೆ ಕೆಲಸ ಮಾಡುವುದಿಲ್ಲ

ಈಗ ಎರಡನೆಯ ತಪ್ಪು ತಿಳಿವಳಿಕೆಗೆ ಬರೋಣ. ಇದನ್ನು ಬಿಡಿಸಿ ಹೇಳುವುದು ನನಗೆ ಬಹಳ ಮುಖ್ಯ. ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: "ದಿನಕ್ಕೆ ಎರಡೇ ಗಂಟೆ ಮಾಡು, ಉಳಿದದ್ದು ಓದಿಗೆ." ವಿದ್ಯಾರ್ಥಿಯೂ ಪ್ರಾಮಾಣಿಕವಾಗಿ ಅಲಾರಂ ಇಟ್ಟುಕೊಳ್ಳುತ್ತಾಳೆ. ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕಿವಿಗೆ ಇಯರ್‌ಫೋನ್ ಹಾಕಿ ಕೂತಿರುತ್ತಾಳೆ. ಅವಳಲ್ಲಿ ಶಿಸ್ತು ಇಲ್ಲ ಎಂದು ಮನೆಯವರು ಬೈಯುತ್ತಾರೆ. ದೋಷ ಶಿಸ್ತಿನಲ್ಲಿಲ್ಲ, ಮಿತಿಯನ್ನು ಹಾಕಿದ ಜಾಗದಲ್ಲಿದೆ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ತುಮಕೂರಿನ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ, ಐದನೆಯ ಸೆಮಿಸ್ಟರ್, ಎಂದಿಟ್ಟುಕೊಳ್ಳಿ. ಅವಳ ಪಟ್ಟು 7. ವಾರಕ್ಕೆ ಆರು ಗಂಟೆ ಕೊಡಬಲ್ಲಳು. 90 ನಿಮಿಷದ ಒಂದು ಸಂದರ್ಶನ ಬರುತ್ತದೆ, ನಿಮಿಷಕ್ಕೆ 12 ರೂಪಾಯಿ, ಗಡುವು ಏಳು ದಿನ. 1,080 ರೂಪಾಯಿ ಎಂದು ಖುಷಿಯಿಂದ ಒಪ್ಪಿಕೊಳ್ಳುತ್ತಾಳೆ. 90ನ್ನು 7ರಿಂದ ಗುಣಿಸಿದರೆ 630 ನಿಮಿಷ, ಅಂದರೆ ಹತ್ತೂವರೆ ಗಂಟೆ. "ಇಲ್ಲಿ ಊರಿನ ಹೆಸರು ತಪ್ಪಾಗಿದೆ, ಇನ್ನೊಮ್ಮೆ ಕೇಳಿ" ಎಂಬಂಥ ತಿದ್ದುಪಡಿಗಳಿಗೆ ಒಂದೂವರೆ ಗಂಟೆ ಸೇರಿಸಿ, ಒಟ್ಟು 12 ಗಂಟೆ. ಗಂಟೆಗೆ ಬಿದ್ದದ್ದು 90 ರೂಪಾಯಿ. ಅದಕ್ಕಿಂತ ಮುಖ್ಯವಾದದ್ದು, ಒಪ್ಪಿಗೆ ಕೊಟ್ಟ ಕ್ಷಣದಲ್ಲೇ ಅವಳ ಆರು ಗಂಟೆಯ ಮಿತಿ ಎರಡು ಪಟ್ಟು ಮೀರಿಹೋಗಿತ್ತು. ಆಮೇಲೆ ಇಟ್ಟ ಅಲಾರಂಗೆ ಮಾಡಲು ಏನೂ ಉಳಿದಿರಲಿಲ್ಲ. ಅದು ಬಾಕಿಯನ್ನು ನಾಳೆಗೆ ದೂಡಿತಷ್ಟೆ. ಮೂರನೆಯ ದಿನ ಇಂಟರ್ನಲ್ಸ್ ದಿನಾಂಕ ಬಂದರೆ ಅವಳ ಮುಂದೆ ಎರಡೇ ದಾರಿ: ಮಾತಿಗೆ ತಪ್ಪುವುದು ಅಥವಾ ನಿದ್ದೆಗೆಡುವುದು.

ಆದ್ದರಿಂದ ಮಿತಿಯನ್ನು ಕೆಲಸ ಮಾಡುವ ಗಂಟೆಗಳ ಮೇಲೆ ಹಾಕುವ ಮೊದಲು ಒಪ್ಪಿಕೊಳ್ಳುವ ಕೆಲಸದ ಮೇಲೆ ಹಾಕಬೇಕು. ಅವಳ ಆರು ಗಂಟೆ ಎಂದರೆ 360 ನಿಮಿಷ. ಅದರಲ್ಲಿ ಕಾಲು ಭಾಗವನ್ನು ತಿದ್ದುಪಡಿಗೆ, ಮೆಸೇಜಿಗೆ, ಕರೆಂಟು ಹೋಗುವುದಕ್ಕೆ ಎತ್ತಿಟ್ಟರೆ 270 ಉಳಿಯಿತು. ಅದನ್ನು ಪಟ್ಟು 7ರಿಂದ ಭಾಗಿಸಿದರೆ 38 ಆಡಿಯೊ ನಿಮಿಷ. ವಾರಕ್ಕೆ ಅವಳು ಒಪ್ಪಿಕೊಳ್ಳಬಹುದಾದ್ದು ಇಷ್ಟೇ. ಕೆಲಸವನ್ನು 15 ನಿಮಿಷದ ತುಣುಕುಗಳಾಗಿ ಕೇಳಿ ತೆಗೆದುಕೊಂಡರೆ ವಾರಕ್ಕೆ ಎರಡು ತುಣುಕು.

ತುಣುಕಿನ ಅಳತೆ 15 ನಿಮಿಷ ಏಕೆ? ಪಟ್ಟು 7ರಲ್ಲಿ ಅದು 105 ನಿಮಿಷದ ಕೆಲಸ, ಒಂದು ಸಂಜೆಯ ಒಂದು ಕೂರುವಿಕೆಗೆ ಮುಗಿಯುತ್ತದೆ. ಒಂದೇ ಕೂರುವಿಕೆಗೆ ಮುಗಿಯುವ ಅಳತೆಯಲ್ಲೇ ಒಪ್ಪಿಕೊಳ್ಳುವುದು ಈ ವಿಧಾನದ ಜೀವಾಳ. ಆಗ ಪ್ರತಿ ಸಂಜೆಯ ಕೊನೆಗೂ ನಿಮ್ಮ ಮೇಲೆ ಯಾರ ಬಾಕಿಯೂ ಇರುವುದಿಲ್ಲ. ನಾಳೆ ವೇಳಾಪಟ್ಟಿ ಬಂದರೂ ನೀವು ಮುಂದಿನ ತುಣುಕನ್ನು ಕೇಳದಿದ್ದರೆ ಮುಗಿಯಿತು.

90 ನಿಮಿಷದ ಕಡತವನ್ನು ತುಣುಕಾಗಿ ಕೊಡುವುದಕ್ಕೆ ಕೊಡುವವರು ಒಪ್ಪುತ್ತಾರೆಯೇ ಎಂಬ ಅನುಮಾನ ಸಹಜ. ಬಹಳಷ್ಟು ಸಂಶೋಧಕರು ಒಪ್ಪುತ್ತಾರೆ, ಏಕೆಂದರೆ ಅದರಲ್ಲಿ ಅವರಿಗೂ ಲಾಭವಿದೆ. ಮೊದಲ ತುಣುಕಿನಲ್ಲೇ ತಪ್ಪು ಕಂಡರೆ ಇಡೀ ಕಡತ ಕೆಡುವ ಮೊದಲೇ ಸರಿಮಾಡಿಸಬಹುದು. ಕೇಳುವ ರೀತಿ ಮಾತ್ರ ನೇರವಾಗಿರಬೇಕು. ಹೀಗೆ ಬರೆದರೆ ಸಾಕು:

"ನಮಸ್ಕಾರ ಮೇಡಂ. ಕಡತದ ಮೊದಲ ಎರಡು ನಿಮಿಷ ಕೇಳಿದೆ, ಧ್ವನಿ ಸ್ಪಷ್ಟವಾಗಿದೆ. ನಾನು 15 ನಿಮಿಷದ ತುಣುಕುಗಳಾಗಿ ಮಾಡಿಕೊಡುತ್ತೇನೆ. ಮೊದಲ ತುಣುಕು ಗುರುವಾರ ರಾತ್ರಿ 9ರೊಳಗೆ ಕಳಿಸುತ್ತೇನೆ. ಅದನ್ನು ನೋಡಿ ಒಪ್ಪಿಗೆಯಾದರೆ ಮುಂದಿನದು ಕೊಡಿ. ಪರೀಕ್ಷೆ ಇರುವುದರಿಂದ ನವೆಂಬರ್ 10ರ ನಂತರ ಹೊಸ ತುಣುಕು ತೆಗೆದುಕೊಳ್ಳುವುದಿಲ್ಲ."

ಈ ಸಂದೇಶದ ಕೊನೆಯ ಸಾಲನ್ನು ಬರೆಯಲು ಹುಡುಗರು ಹಿಂಜರಿಯುತ್ತಾರೆ, ಕೆಲಸ ಕೈತಪ್ಪುತ್ತದೆ ಎಂಬ ಭಯ. ಪರೀಕ್ಷೆಯ ವಾರದಲ್ಲಿ ಫೋನ್ ಎತ್ತದೆ ಇರುವವರಿಗಿಂತ ಒಂದು ತಿಂಗಳು ಮೊದಲೇ ದಿನಾಂಕ ಹೇಳಿದವರನ್ನು ಸಂಶೋಧಕರು ಹೆಚ್ಚು ನಂಬುತ್ತಾರೆ. ಅವರೂ ಕಾಲೇಜಿನವರೇ, ಪರೀಕ್ಷೆ ಎಂದರೆ ಏನೆಂದು ಅವರಿಗೆ ಗೊತ್ತು.

ಆ ನವೆಂಬರ್ 10 ಎಲ್ಲಿಂದ ಬಂತು ಎಂದು ನೋಡಿ. ಡಿಸೆಂಬರ್ 15ಕ್ಕೆ ಮೊದಲ ಪೇಪರ್ ಎಂದುಕೊಳ್ಳೋಣ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮೂರು ವಾರ ಓದಿಗೇ ಮೀಸಲು, ಅಂದರೆ ನವೆಂಬರ್ 24ಕ್ಕೆ ಕೈ ಪೂರ್ತಿ ಖಾಲಿಯಾಗಿರಬೇಕು. ಕೊನೆಯ ತಿದ್ದುಪಡಿಗಳಿಗೆ ಒಂದು ವಾರ, ಆದ್ದರಿಂದ ಕೊನೆಯ ತುಣುಕು ತಲುಪಬೇಕಾದ್ದು 17ಕ್ಕೆ. ಅದನ್ನು ಮಾಡಲು ಒಂದು ವಾರ, ಒಪ್ಪಿಕೊಳ್ಳುವ ಕೊನೆಯ ದಿನ 10. ಹಣದ ಲೆಕ್ಕವನ್ನೂ ಹೀಗೆಯೇ ಹಿಂದಕ್ಕೆ ಎಣಿಸಬೇಕು. ಸಂಸ್ಥೆಗಳು ಬಿಲ್ ಕೊಟ್ಟ ತಿಂಗಳ ಮೇಲೆ ಹಣ ಹಾಕುವುದುಂಟು. 17ಕ್ಕೆ ಕೊಟ್ಟ ಕೆಲಸದ ಹಣ ಪರೀಕ್ಷೆಯ ಮಧ್ಯದಲ್ಲಿ ಬರುತ್ತದೆ. ನವೆಂಬರಿನಲ್ಲಿ ಕಟ್ಟುವ ಪರೀಕ್ಷಾ ಶುಲ್ಕಕ್ಕೆ ಅದು ಒದಗುವುದಿಲ್ಲ, ಅದಕ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಕೆಲಸವೇ ಆಗಬೇಕು.

ಹಾಗಾದರೆ ಒಂದು ಸೆಮಿಸ್ಟರಿಗೆ ಎಷ್ಟು? 16 ವಾರಗಳಲ್ಲಿ ಎರಡು ಇಂಟರ್ನಲ್ಸ್ ವಾರ, ಅವುಗಳ ಹಿಂದಿನ ಒಂದೊಂದು ವಾರ, ಕೊನೆಯ ಮೂರು ವಾರ ಕಳೆದರೆ ಒಂಬತ್ತು ವಾರ ಉಳಿಯುತ್ತವೆ. ವಾರಕ್ಕೆ ಎರಡು ತುಣುಕು, 360 ರೂಪಾಯಿ. ಒಟ್ಟು 3,240 ರೂಪಾಯಿ. ವಿಡಿಯೊಗಳಲ್ಲಿ ಹೇಳುವ "ತಿಂಗಳಿಗೆ 50 ಸಾವಿರ"ದ ಮುಂದೆ ಇದು ಸಣ್ಣ ಮೊತ್ತವಾಗಿ ಕಾಣುತ್ತದೆ. ಆದರೆ ಇದು ಹಾಜರಾತಿಗೆ ಕುತ್ತು ತಾರದೆ, ಒಂದು ಪೇಪರನ್ನೂ ಬಿಡದೆ ಕೈಗೆ ಬರುವ ಹಣ. ಬಸ್ ಪಾಸ್, ಪುಸ್ತಕ, ಶುಲ್ಕದ ಒಂದು ಭಾಗಕ್ಕೆ ಸಾಲುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಇದಕ್ಕಿಂತ ಹೆಚ್ಚು ಆಸೆ ಪಡಬೇಡಿ ಎಂದೇ ಹೇಳುತ್ತೇನೆ.

ಗಂಟೆ ಹೆಚ್ಚಿಸದೆ ಗಳಿಕೆ ಹೆಚ್ಚಿಸುವುದು

ಇಲ್ಲಿಂದ ಮುಂದೆ ನನಗೆ ಬಹಳ ಇಷ್ಟವಾದ ಭಾಗ. ಅದೇ ವಿದ್ಯಾರ್ಥಿನಿಯ ಪಟ್ಟು 7ರಿಂದ 5ಕ್ಕೆ ಇಳಿಯಿತು ಎನ್ನಿ. 270ನ್ನು 5ರಿಂದ ಭಾಗಿಸಿದರೆ 54. ಅದೇ ಆರು ಗಂಟೆಯಲ್ಲಿ ಈಗ ಮೂರು ತುಣುಕು ಮಾಡಬಹುದು, ವಾರಕ್ಕೆ 540 ರೂಪಾಯಿ. ಓದಿನ ಒಂದು ನಿಮಿಷವನ್ನೂ ಮುಟ್ಟದೆ ಗಳಿಕೆ ಒಂದೂವರೆ ಪಟ್ಟಾಯಿತು. ಹಾಗಾಗಿ ಬಿಡುವಿನ ದಿನಗಳಲ್ಲಿ ಇನ್ನಷ್ಟು ಕೆಲಸ ಹುಡುಕುವ ಬದಲು ಪಟ್ಟು ಇಳಿಸುವ ಅಭ್ಯಾಸಕ್ಕೆ ಕೂರುವುದು ಲಾಭ.

ಹೊತ್ತು ಎಲ್ಲಿ ಸೋರುತ್ತದೆ ಎಂದು ಗಮನಿಸಿದರೆ ಬಹುಪಾಲು ಸೋರಿಕೆ ಇರುವುದು ಬೆರಳಿನ ವೇಗದಲ್ಲಲ್ಲ, ಧ್ವನಿಯನ್ನು ನಿಲ್ಲಿಸಿ ಹಿಂದೆ ಸರಿಸುವುದರಲ್ಲಿ. ಮೊಬೈಲಿನಲ್ಲಿ ಧ್ವನಿ ಹಚ್ಚಿ ಲ್ಯಾಪ್‌ಟಾಪಿನಲ್ಲಿ ಬರೆಯುವವರು ಪ್ರತಿ ವಾಕ್ಯಕ್ಕೂ ಕೀಲಿಮಣೆಯಿಂದ ಕೈ ಎತ್ತುತ್ತಾರೆ. ಇದಕ್ಕೆ ಓಟ್ರಾನ್ಸ್‌ಕ್ರೈಬ್ ಎಂಬ ಉಚಿತ ತಾಣ ಇದೆ. ಧ್ವನಿಯೂ ಬರೆಯುವ ಹಾಳೆಯೂ ಒಂದೇ ಕಿಟಕಿಯಲ್ಲಿ ಇರುತ್ತವೆ. `Esc` ಒತ್ತಿದರೆ ಧ್ವನಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. `F1` ಸ್ವಲ್ಪ ಹಿಂದಕ್ಕೆ ಒಯ್ಯುತ್ತದೆ, `F3` ನಿಧಾನ ಮಾಡುತ್ತದೆ, `Ctrl+J` ಒತ್ತಿದಲ್ಲಿ ಆ ಕ್ಷಣದ ಸಮಯ ಬರಹದಲ್ಲಿ ದಾಖಲಾಗುತ್ತದೆ. ಕಡತ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಹೊರಗಿನ ಯಾವ ಸರ್ವರಿಗೂ ಹೋಗುವುದಿಲ್ಲ. ಸಂದರ್ಶನ ಕೊಟ್ಟವರು ತಮ್ಮ ಸಾಲ, ಜಗಳ, ಕಾಯಿಲೆ ಎಲ್ಲ ಹೇಳಿಕೊಂಡಿರುತ್ತಾರೆ. ಅದನ್ನು ಕಂಡ ಕಂಡ ತಾಣಕ್ಕೆ ಏರಿಸುವುದು, ಗೆಳೆಯರಿಗೆ ಕೇಳಿಸುವುದು ಸುತರಾಂ ಕೂಡದು. ಕೆಲಸ ಮುಗಿದು ಹಣ ಬಂದ ಮೇಲೆ ಕಡತ ಅಳಿಸಿ, ಅಳಿಸಿದ್ದೇನೆ ಎಂದು ತಿಳಿಸಿ.

ಇನ್ನೊಂದು ಸೋರಿಕೆ, ಕೇಳಿಸದ ಪದಕ್ಕೆ ಅಂಟಿಕೊಂಡು ಕೂರುವುದು. ಎರಡು ಸಲ ಕೇಳಿಯೂ ತಿಳಿಯದಿದ್ದರೆ ಸಮಯ ದಾಖಲಿಸಿ, "ಅಸ್ಪಷ್ಟ" ಎಂದು ಬರೆದು ಮುಂದೆ ಹೋಗಿ. ಹತ್ತು ನಿಮಿಷ ಆದಮೇಲೆ ಮಾತಾಡುವವರ ದನಿ, ಲಯ ಕಿವಿಗೆ ಕೂತಿರುತ್ತದೆ. ಎರಡನೆಯ ಸುತ್ತಿನಲ್ಲಿ ಅದೇ ಪದ ಥಟ್ಟನೆ ಸಿಗುವುದನ್ನು ಕಂಡರೆ ನಿಮಗೇ ಆಶ್ಚರ್ಯವಾಗುತ್ತದೆ. ಊರು, ವ್ಯಕ್ತಿ, ಬೆಳೆ, ಯೋಜನೆಗಳ ಹೆಸರಿನ ಪಟ್ಟಿಯನ್ನು ಸಂಶೋಧಕರಿಂದ ಮೊದಲೇ ಕೇಳಿ ಪಡೆದರೆ ಅರ್ಧ ಗೊಂದಲ ಶುರುವಿನಲ್ಲೇ ತೀರುತ್ತದೆ.

ಬರೆಯುವ ಶೈಲಿಯನ್ನೂ ಆರಂಭಕ್ಕೇ ಕೇಳಿಕೊಳ್ಳಬೇಕು. ಗದಗ ಕಡೆಯ ರೈತರೊಬ್ಬರು "ಅದೇನಂದ್ರ ರೀ, ಮೊದ್ಲ ನಾವ್... ಮೊದ್ಲ ಶೇಂಗಾ ಹಾಕ್ತಿದ್ವಿ, ಈಗ ಬಿಟ್ಟೇವ್ರಿ" ಎಂದಿದ್ದಾರೆ ಎನ್ನಿ. ಭಾಷಾ ಸಂಶೋಧಕರಿಗೆ ಆ ತಡವರಿಕೆಯೂ ಸೇರಿ ಇದ್ದದ್ದು ಇದ್ದ ಹಾಗೆ ಬೇಕು. ಕೃಷಿ ಅಧ್ಯಯನ ಮಾಡುವವರಿಗೆ "ಮೊದಲು ನಾವು ಶೇಂಗಾ ಹಾಕುತ್ತಿದ್ದೆವು, ಈಗ ಬಿಟ್ಟಿದ್ದೇವೆ" ಸಾಕು. ಒಂದಕ್ಕೆ ಹಿಡಿಯುವ ಹೊತ್ತಿಗೂ ಇನ್ನೊಂದಕ್ಕೂ ಬಹಳ ಅಂತರ ಇರುವುದರಿಂದ ದರವೂ ಬೇರೆಯಾಗಬೇಕು. ಕೇಳದೆ ಶುರುಮಾಡಿದರೆ ಇಡೀ ತುಣುಕನ್ನು ಮತ್ತೆ ಬರೆಯಬೇಕಾದೀತು. ಮೈಸೂರು ಕಡೆಯವರಿಗೆ ಕಲಬುರಗಿಯ ಮಾತು, ಕಲಬುರಗಿಯವರಿಗೆ ಕುಂದಾಪುರದ ಮಾತು ಕೈಗೆ ಬೇಗ ಹತ್ತುವುದಿಲ್ಲ. ನಿಮ್ಮ ಸೀಮೆಯ ಮಾತಿನ ಕಡತ ಕೇಳಿ ಪಡೆಯಿರಿ, ಅಲ್ಲಿ ನಿಮ್ಮ ಪಟ್ಟು ತಾನಾಗಿ ಕಡಿಮೆ ಇರುತ್ತದೆ. ನಮ್ಮ ಭಾಷೆಯ ಇಷ್ಟೊಂದು ಬಗೆಗಳು ಸಂಭಾವನೆ ತರುವ ತಿಳಿವಳಿಕೆಯೂ ಆಗಬಲ್ಲವು ಎಂಬುದು ನನಗೆ ಎಂದಿಗೂ ಸಂತೋಷದ ಸಂಗತಿ.

ಕನ್ನಡಕ್ಕೇ ವಿಶೇಷವಾದ ಒಂದು ಅಪಾಯ ಅಕ್ಷರದ್ದು. ಟೈಪಿಂಗ್ ತರಗತಿಗೆ ಹೋದವರು ಹೆಚ್ಚಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಕಲಿತಿರುತ್ತಾರೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆ ಬಲು ಸೊಗಸಾದದ್ದು, ಅದನ್ನು ಬಿಡಬೇಕಿಲ್ಲ. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಕನ್ನಡ" ಎಂಬುದು `PÀ£ÀßqÀ` ಎಂದು ಕಾಣುತ್ತದೆ. ಎರಡು ಗಂಟೆಯ ಕೆಲಸ ಕೊಟ್ಟವರ ಕಣ್ಣಿಗೆ ಕಸವಾಗಿ ಬೀಳುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಂಡೇ ಶುರುಮಾಡಿ. ಪರೀಕ್ಷಿಸುವುದು ಸುಲಭ: ಒಂದು ಸಾಲು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ. ಅಲ್ಲಿ ಕನ್ನಡವಾಗಿಯೇ ಕಂಡರೆ ಸರಿ ಇದೆ.

ಹಣ ಕೇಳುವ ಕೆಲಸ

ಟೈಪಿಂಗ್ ಕೆಲಸ ಹುಡುಕುವವರ ಮೇಲೆ ಬಲೆ ಬೀಸುವವರು ಬಹಳ. ಅದರಲ್ಲಿ ಒಂದು ಬಗೆಯನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಅದು ವಿದ್ಯಾರ್ಥಿಗಳ ಪ್ರಾಮಾಣಿಕತೆಯನ್ನೇ ಹಿಡಿದು ಆಡಿಸುತ್ತದೆ. "ಡೇಟಾ ಎಂಟ್ರಿ, ಐದು ದಿನದಲ್ಲಿ ಇಷ್ಟು ಫಾರ್ಮ್ ತುಂಬಿದರೆ ಇಷ್ಟು ಸಾವಿರ" ಎಂದು ಕರೆ ಬರುತ್ತದೆ. ಆಧಾರ್ ಪ್ರತಿ, ಸಹಿ ಪಡೆದು ಛಾಪಾ ಕಾಗದದಂತೆ ಕಾಣುವ "ಅಗ್ರಿಮೆಂಟ್" ಕಳಿಸುತ್ತಾರೆ. ಹುಡುಗ ರಾತ್ರಿ ಹಗಲು ಕೂತು ತುಂಬುತ್ತಾನೆ. ಕೊನೆಗೆ "ನಿಮ್ಮ ಕೆಲಸದಲ್ಲಿ ತಪ್ಪು ಹೆಚ್ಚಿದೆ, ನಿಗದಿತ ಮಟ್ಟ ತಲುಪಿಲ್ಲ, ಕರಾರು ಮುರಿದಿದ್ದೀರಿ" ಎಂಬ ಉತ್ತರ. ಮರುದಿನ ವಕೀಲರ ಹೆಸರಿನಲ್ಲಿ ನೋಟಿಸ್: ಇಂತಿಷ್ಟು ಸಾವಿರ ಕಟ್ಟಿ, ಇಲ್ಲದಿದ್ದರೆ ಕೋರ್ಟು, ಪೊಲೀಸು. ಕೆಲಸ ಸರಿಯಾಗಿ ಮಾಡಲಾಗಲಿಲ್ಲವಲ್ಲ ಎಂಬ ಅಳುಕಿನಿಂದ ಹುಡುಗ ಮನೆಯಲ್ಲೂ ಹೇಳದೆ ಹಣ ಕಟ್ಟುತ್ತಾನೆ. ಕಟ್ಟಿದವರಿಗೆ ಮತ್ತೆ ಕರೆ ಬರುತ್ತದೆ. ಇದು ಸುಲಿಗೆ. ಹಣ ಕಳಿಸಬೇಡಿ, ಮೆಸೇಜುಗಳನ್ನು ಅಳಿಸಬೇಡಿ, ಮನೆಯಲ್ಲಿ ಹೇಳಿ, 1930ಕ್ಕೆ ಕರೆ ಮಾಡಿ ಅಥವಾ cybercrime.gov.in ತಾಣದಲ್ಲಿ ದೂರು ಕೊಡಿ.

ಟೆಲಿಗ್ರಾಂನಲ್ಲಿ ವಿಡಿಯೊಗೆ ಲೈಕ್ ಒತ್ತಿಸಿ ಮೊದಲು ನೂರಿನ್ನೂರು ರೂಪಾಯಿ ಹಾಕಿ, ಆಮೇಲೆ "ಮುಂಗಡ ಕಟ್ಟುವ ಟಾಸ್ಕ್" ಎಂದು ಸಾವಿರಗಳನ್ನು ಎಳೆಯುವುದು ಇನ್ನೊಂದು ಬಗೆ. ಎರಡನ್ನೂ ಒಂದೇ ಗುರುತಿನಿಂದ ಹಿಡಿಯಬಹುದು: ಕೆಲಸ ಮಾಡುವವರ ಕೈಯಿಂದ ಕೆಲಸ ಕೊಡುವವರ ಕಡೆಗೆ ಹಣ ಹರಿಯಬೇಕೆಂದು ಕೇಳಿದ ಕ್ಷಣವೇ ಅದು ಕೆಲಸವಲ್ಲ. ನೋಂದಣಿ ಶುಲ್ಕ, ತರಬೇತಿ ಕಿಟ್, ಹಣ ಬಿಡಿಸಲು ತೆರಿಗೆ, ಹೆಸರು ಏನೇ ಇರಲಿ. ಕಮಿಷನ್ ಕೊಡುತ್ತೇವೆ, ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ ಎಂದರೆ ಖಂಡಿತ ಒಪ್ಪಬೇಡಿ. ವಂಚನೆಯ ಹಣ ನಿಮ್ಮ ಖಾತೆಯ ಮೂಲಕ ಹೋದರೆ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಹುಡುಕಿ ಬರುವುದು ನಿಮ್ಮನ್ನೇ.

ಇತ್ತ ನಿಜವಾದ ತಾಣಗಳಲ್ಲೂ ಕಡಿತ ಇದೆ, ಅದನ್ನು ದರಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಫೈವರ್ ನಿಮ್ಮ ಗಳಿಕೆಯಲ್ಲಿ ಶೇಕಡಾ 20 ಇಟ್ಟುಕೊಳ್ಳುತ್ತದೆ, ಕೆಲಸ ಒಪ್ಪಿಗೆಯಾದ ಮೇಲೆ ಹೊಸಬರ ಹಣ 14 ದಿನ ಅಲ್ಲೇ ಇರುತ್ತದೆ. ಪರಿಚಯದ ಸಂಶೋಧಕರಿಂದ ನೇರವಾಗಿ ಪಡೆದ ಕೆಲಸದಲ್ಲಿ ಈ ಕಡಿತ ಇಲ್ಲ. ಅದಕ್ಕೇ ಮೊದಲ ಕೆಲಸವನ್ನು ನಿಮ್ಮ ವಿಶ್ವವಿದ್ಯಾಲಯದ ವಿಭಾಗಗಳಲ್ಲೇ ಹುಡುಕಿ ಎನ್ನುತ್ತೇನೆ. ಸಂಸ್ಥೆಗಳು ಟಿಡಿಎಸ್ ಹಿಡಿದರೆ ಗಾಬರಿ ಬೇಡ. ಪ್ಯಾನ್ ಸಂಖ್ಯೆ ಕೊಟ್ಟಿರಿ, ಕೊಡದಿದ್ದರೆ ಕಡಿತ ಶೇಕಡಾ 20ರವರೆಗೂ ಹೋಗುತ್ತದೆ. ನಿಮ್ಮ ಆದಾಯ ತೆರಿಗೆಯ ಮಟ್ಟಕ್ಕೆ ಬರದಿದ್ದರೆ ರಿಟರ್ನ್ ಸಲ್ಲಿಸಿ ಹಿಡಿದ ಹಣವನ್ನು ವಾಪಸು ಪಡೆಯಬಹುದು. ಬಿ.ಕಾಂ. ಓದುವವರಿಗೆ ಅದು ಪಾಠದ ಅಭ್ಯಾಸವೂ ಆಗುತ್ತದೆ.

ಮುಂದೆ ಕಲಿಯುವುದು ಬಹಳ ಇದೆ. ಬರೆದದ್ದನ್ನು ಸಾಲು ಸಾಲಾಗಿ ಸಮಯಕ್ಕೆ ಹೊಂದಿಸಿದರೆ ಅದೇ ಸಬ್‌ಟೈಟಲ್, ಅದಕ್ಕೆ ದರ ಹೆಚ್ಚು. ಕನ್ನಡದಿಂದ ಇಂಗ್ಲಿಷಿಗೆ ನೇರವಾಗಿ ಬರೆದುಕೊಡಬಲ್ಲವರಿಗೆ ಇನ್ನೂ ಹೆಚ್ಚು. ಕೆಲಸ ಇಲ್ಲದ ವಾರಗಳಲ್ಲಿ ಕನ್ನಡ ವಿಕಿಸೋರ್ಸ್‌ಗೆ ಹೋಗಿ ಹಳೆಯ ಪುಸ್ತಕಗಳ ಪುಟ ತಿದ್ದಿ ನೋಡಿ. ಹಣ ಬರುವುದಿಲ್ಲ, ಆದರೆ ಒತ್ತಕ್ಷರ, ಅರ್ಕಾವತ್ತು, ಚಿಹ್ನೆಗಳ ಮೇಲೆ ಬೆರಳಿಗೆ ಬರುವ ಹಿಡಿತ ಮುಂದಿನ ತುಣುಕಿನಲ್ಲಿ ಕಾಣುತ್ತದೆ. ಇವೆಲ್ಲಕ್ಕೂ ಮೊದಲು ಇಂದು ಸಂಜೆ ಐದು ನಿಮಿಷದ ಧ್ವನಿಯೊಂದನ್ನು ಮುದ್ರಿಸಿ, ಬರೆದು, ನಿಮ್ಮ ಪಟ್ಟು ಎಷ್ಟೆಂದು ಅಳೆಯಿರಿ. ಆ ಅಂಕಿ ಕೈಯಲ್ಲಿಲ್ಲದೆ ಯಾವ ಕಡತಕ್ಕೂ ಹೂಂ ಅನ್ನಬೇಡಿ.